ಆಮಂತ್ರಣ ಪತ್ರಿಕೆಗೆ ಐದು ಅಂಕ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಅದರಲ್ಲೂ ಪೇಪರು ತಿದ್ದುವಾಗ. ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ಖಾಸಗಿ ಶಾಲೆಯಲ್ಲಿ ಒಂಬತ್ತನೇ ತರಗತಿಗೆ ಇಂಗ್ಲಿಷ್ ಕಲಿಸುತ್ತೇನೆ. ಆ ವರ್ಷದ ವಾರ್ಷಿಕ ಪರೀಕ್ಷೆಯಲ್ಲಿ ಐದು ಅಂಕಕ್ಕೆ ಕೇಳಿದ್ದೆ: ಶಾಲಾ ವಾರ್ಷಿಕೋತ್ಸವಕ್ಕೆ ಇಂಗ್ಲಿಷಿನಲ್ಲಿ ಔಪಚಾರಿಕ ಆಮಂತ್ರಣ ಬರೆಯಿರಿ. ವಿನ್ಯಾಸಕ್ಕೆ ಎರಡು, ವಿಷಯಕ್ಕೆ ಎರಡು, ಭಾಷೆಗೆ ಒಂದು.

ಬೋರ್ಡಿನ ಮೇಲೆ ಮೂರು ಸಲ ಬರೆದು ತೋರಿಸಿದ್ದೆ. ಮೊದಲ ಸಾಲಿನಲ್ಲೇ ಕರೆಯುವವರು, ಅಂದರೆ ಪ್ರಾಂಶುಪಾಲರು, ಸಿಬ್ಬಂದಿ, ವಿದ್ಯಾರ್ಥಿಗಳು. ಅದರ ಕೆಳಗೆ ‘ರಿಕ್ವೆಸ್ಟ್ ದ ಪ್ಲೆಷರ್ ಆಫ್ ಯುವರ್ ಕಂಪನಿ’ ಎಂದು ಉಪಸ್ಥಿತಿಯ ಕೋರಿಕೆ. ಆಮೇಲೆ ಸಮಾರಂಭ, ದಿನ, ವೇಳೆ, ಸ್ಥಳ, ಮುಖ್ಯ ಅತಿಥಿ. ಒಂದೊಂದಕ್ಕೂ ಬೇರೆ ಸಾಲು, ಎಲ್ಲ ನಡುಮಧ್ಯಕ್ಕೆ. ವೇಳೆ ಅಂಕಿಯಲ್ಲಲ್ಲ, ಅಕ್ಷರದಲ್ಲಿ. ‘ಡಿಯರ್ ಸರ್’ ಇಲ್ಲ, ಸಹಿ ಇಲ್ಲ. ಕೆಳಗೆ ಎಡಮೂಲೆಯಲ್ಲಿ ಆರ್.ಎಸ್.ವಿ.ಪಿ., ಬರುತ್ತೀರೋ ಇಲ್ಲವೋ ತಿಳಿಸಿ ಎಂದು, ಜೊತೆಗೊಂದು ಫೋನ್ ನಂಬರು.

ಇಷ್ಟು ಹೇಳಿದ ಮೇಲೂ ಒಬ್ಬ ಹುಡುಗಿ ಮೇಲ್ತುದಿಗೆ ದೇವರ ಹೆಸರು ಬರೆದಿದ್ದಳು. ಆಮೇಲೆ ‘ಡಿಯರ್ ಸರ್’, ಗುರುಹಿರಿಯರ ಆಶೀರ್ವಾದ, ಕಟ್ಟಕಡೆಗೆ ನಿಮ್ಮ ಆಗಮನ ಬಯಸುವವರು ಎಂದು ಪ್ರಾಂಶುಪಾಲರು, ಸಿಬ್ಬಂದಿ. ಅವಳ ಅಪ್ಪನದು ಹಳೇ ಹುಬ್ಬಳ್ಳಿಯಲ್ಲಿ ಕಾರ್ಡು ಮುದ್ರಿಸುವ ಸಣ್ಣ ಪ್ರೆಸ್ಸು. ಕೆಂಪು ಪೆನ್ನಿನಲ್ಲಿ ‘ಇದು ಲಗ್ನಪತ್ರಿಕೆ ಅಲ್ಲ’ ಎಂದು ಗೀಚಿ, ಒಂದು ಅಂಕ ಕೊಟ್ಟೆ. ಸ್ಟಾಫ್ ರೂಮಿನಲ್ಲಿ ಗಟ್ಟಿಯಾಗಿ ಓದಿಯೂ ತೋರಿಸಿದೆ. ಎಲ್ಲರೂ ನಕ್ಕರು.

ಕೂಡಿಸಿದರೆ ನೂರಕ್ಕೆ ಮೂವತ್ತಮೂರು. ಪಾಸಾಗಲು ಮೂವತ್ತೈದು ಬೇಕು. ನಮ್ಮಲ್ಲಿ ಒಂಬತ್ತನೇ ತರಗತಿಯಲ್ಲಿ ಫೇಲಾದವರಿಗೆ ಟಿ.ಸಿ. ಕೊಟ್ಟು ಕಳಿಸುತ್ತಾರೆ, ಹತ್ತನೇ ತರಗತಿಯ ಫಲಿತಾಂಶ ನೂರಕ್ಕೆ ನೂರು ಬರಬೇಕಲ್ಲ. ಈ ನಿಯಮ ಎಲ್ಲೂ ಬರೆದಿಲ್ಲ, ಎಲ್ಲರಿಗೂ ಗೊತ್ತು. ನನಗೂ ಗೊತ್ತಿತ್ತು.

ಮಕ್ಕಳಿಗೆ ಪೇಪರು ತೋರಿಸಿದ ಮರುದಿನ ಅಪ್ಪ ಮಗಳು ಇಬ್ಬರೂ ಸ್ಟಾಫ್ ರೂಮಿಗೆ ಬಂದರು. ಅವನ ಬೆರಳ ಸಂದಿಯಲ್ಲಿ ಶಾಯಿ ಇತ್ತು. ಮಡಚಿದ ಒಂದು ಹಾಳೆಯನ್ನು ನನ್ನ ಮುಂದೆ ಬಿಡಿಸಿಟ್ಟ.

“ಇದು ಡಿಸೆಂಬರ್‌ನ್ಯಾಗ ನಾನ ಛಾಪಿಸಿದ ನಿಮ್ಮ ಸಾಲಿ ಪತ್ರಿಕಿ ಪ್ರೂಫ್‌ರಿ ಸರ್. ಒಮ್ಮಿ ನೋಡ್ರಿ.”

ವಾರ್ಷಿಕೋತ್ಸವದ ಇಂಗ್ಲಿಷ್ ಆಮಂತ್ರಣ ಪತ್ರಿಕೆ. ಮೇಲ್ತುದಿಗೆ ದೇವರ ಹೆಸರು, ‘ಡಿಯರ್ ಸರ್’, ಆಶೀರ್ವಾದ, ಕೊನೆಗೆ ಬಯಸುವವರು. ಪಕ್ಕದಲ್ಲಿ ‘ಓಕೆ’ ಎಂದು ಬರೆದು ಸಹಿ ಮಾಡಿದ್ದವನು ನಾನೇ. ಆಡಳಿತ ಮಂಡಳಿಯವರಿಗೆ ಹಾಗೇ ಬೇಕಿತ್ತು. ಕಾಗುಣಿತ ನೋಡಿ ಕೊಟ್ಟಿದ್ದೆ.

“ಸಾಲೀದ ಹಿಂಗ ಇತ್ತಲ್ರಿ ಸರ್, ಅದಕ್ಕ ಇದ ಖರೇ ಅಂದ್ಕೊಂಡೆ,” ಎಂದಳು ಹುಡುಗಿ, ನೆಲ ನೋಡುತ್ತ.

ಅಂಕಪಟ್ಟಿ ಇನ್ನೂ ನನ್ನ ಡ್ರಾವರಿನಲ್ಲೇ ಇತ್ತು. ಎರಡಂಕ ತಿದ್ದಲು ಅರ್ಧ ನಿಮಿಷ ಸಾಕು. ಆದರೆ ಪಕ್ಕದ ಕುರ್ಚಿಗಳಲ್ಲಿ ನಕ್ಕವರೆಲ್ಲ ಕೂತಿದ್ದರು, ನನ್ನ ಮುಖ ಕಾದ ಹಂಚಿನಂತೆ ಸುಡುತ್ತಿತ್ತು.

“ಪರೀಕ್ಷಾ ಬ್ಯಾರೆ, ಪ್ರೆಸ್ಸಿನ ಕೆಲಸ ಬ್ಯಾರೆ,” ಎಂದೆ. “ಕ್ಲಾಸಿನ್ಯಾಗ ಹೇಳಿದ್ದು ಬರೀಬೇಕಿತ್ತು.”

“ನಮಗ ತಿಳೀಲಿಲ್ರಿ. ನೀವು ಕಲಿತವರು,” ಎಂದು ಅವನು ಹಾಳೆ ಮಡಚಿದ. ವಾದ ಮಾಡಿದ್ದರೆ ನಾನೂ ಜಗಳಾಡಿ ಹಗುರಾಗುತ್ತಿದ್ದೆ. ಆ ಸಂಜೆ ಅಂಕಪಟ್ಟಿ ಆಫೀಸಿಗೆ ಕೊಟ್ಟೆ. ವಾರದೊಳಗೆ ಅವಳಿಗೆ ಟಿ.ಸಿ. ಕೊಟ್ಟರು.

ಬೇರೆ ಶಾಲೆಯವರು ಮತ್ತೆ ಒಂಬತ್ತನೇ ತರಗತಿಯಲ್ಲೇ ಕೂರಿಸುತ್ತೇವೆ ಎಂದರಂತೆ. ತನಗಿಂತ ಸಣ್ಣವರ ಜೊತೆ ಕೂರಲಾರೆ ಎಂದು ಅವಳು ಮನೆಯಲ್ಲೇ ಉಳಿದಳು. ಇದು ನನಗೆ ತಿಳಿದದ್ದು ಮುಂದಿನ ಡಿಸೆಂಬರಿನಲ್ಲಿ, ವಾರ್ಷಿಕೋತ್ಸವದ ವಿವರ ಕೊಡಲು ಪ್ರೆಸ್ಸಿಗೆ ಹೋದಾಗ. ಕಂಪ್ಯೂಟರಿನ ಮುಂದೆ ಅವಳೇ ಕೂತಿದ್ದಳು.

“ಬರ್ರಿ ಸರ್,” ಎಂದು ಸ್ಟೂಲು ಸರಿಸಿದಳು.

ದಿನ, ವೇಳೆ, ಅತಿಥಿಯ ಹೆಸರು ಬರೆದ ಚೀಟಿ ಕೊಟ್ಟೆ. ಅವಳು ಯಾವುದನ್ನೂ ಕೇಳದೆ ಟೈಪು ಮಾಡಿ ಪ್ರೂಫ್ ತೆಗೆದು ಕೊಟ್ಟಳು. ಮೊದಲ ಸಾಲಿನಲ್ಲಿ ಪ್ರಾಂಶುಪಾಲರು, ಸಿಬ್ಬಂದಿ, ವಿದ್ಯಾರ್ಥಿಗಳು. ಒಂದೊಂದಕ್ಕೂ ಬೇರೆ ಸಾಲು, ಎಲ್ಲ ನಡುಮಧ್ಯಕ್ಕೆ. ವೇಳೆಯನ್ನು ಅಕ್ಷರದಲ್ಲೇ ಬರೆದಿದ್ದಳು. ಎಡಮೂಲೆಯಲ್ಲಿ ಆರ್.ಎಸ್.ವಿ.ಪಿ. ಐದಕ್ಕೆ ಐದು ಕೊಡಲೇಬೇಕು.

ಶಾಲೆಗೆ ಒಯ್ದು ತೋರಿಸಿದರೆ ಪ್ರಾಂಶುಪಾಲರು ಕನ್ನಡಕ ತೆಗೆದರು. “ದೇವರ ಹೆಸರೆಲ್ಲೈತ್ರಿ? ಆಶೀರ್ವಾದ ಎಲ್ಲೈತಿ? ಕಮಿಟಿಯವರು ನನ್ನ ಬಿಡ್ತಾರೇನು? ಹೋದ ವರ್ಷದ್ದ ಹಂಗ ಮಾಡಸ್ರಿ.”

ಇದೇ ಸರಿಯಾದ ಪದ್ಧತಿ ಎಂದು ನಾನು ಹೇಳಲಿಲ್ಲ. ಮರುದಿನ ಮತ್ತೆ ಪ್ರೆಸ್ಸಿಗೆ ಹೋಗಿ, ಅವಳ ಮುಖ ನೋಡದೆ, ಬದಲಾಯಿಸಬೇಕು ಎಂದೆ.

“ಹೋದ ವರ್ಷದ್ದ ಇಡ್ಲ್ಯಾ ಸರ್?”

“ಹೂಂ.”

ಹಳೆಯ ಫೈಲು ತೆರೆದು ದಿನಾಂಕ, ಅತಿಥಿಯ ಹೆಸರು ಬದಲಿಸಿದಳು. ಪ್ರಿಂಟು ಬಂತು: ಮೇಲ್ತುದಿಗೆ ದೇವರು, ಕೆಳಗೆ ಬಯಸುವವರು. ಒಂದಂಕದ ಪತ್ರಿಕೆ.

ಅವಳು ಹಾಳೆಯನ್ನು ನನ್ನ ಕಡೆ ತಿರುಗಿಸಿ, ಪೆನ್ನಿನ ಮುಚ್ಚಳ ತೆಗೆದು ಕೈಗೆ ಕೊಟ್ಟಳು.

“ಓಕೆ ಅಂತ ಬರದು ಸಹಿ ಮಾಡ್ರಿ ಸರ್. ಆಮ್ಯಾಲ ತಪ್ಪು ನಮ್ಮ ಮ್ಯಾಲ ಬರಬಾರದು.”

ನಾನು ಸಹಿ ಮಾಡಿದೆ.