ಹೆಬ್ಬೆರಳ ಬುಡದ ಗುಳಿ

ನಾನು ಮೂಳೆ ಡಾಕ್ಟರಾಗುತ್ತೇನೆ ಎಂದಾಗ ವಿಜಯಪುರದ ನಮ್ಮ ಮನೆಯಲ್ಲಿ ಯಾರಿಗೂ ಹಿಡಿಸಲಿಲ್ಲ. "ಹೆಣ್ಣುಡುಗಿ ಸುತ್ತಿಗಿ, ಗರಗಸ ಹಿಡ್ಕೊಂಡು ಏನ್ ಮಾಡಾಕಿದ್ದಿ?" ಎಂದು ಸೋದರತ್ತೆ ಮೂಗು ಮುರಿದಳು. ಹಟಕ್ಕೆ ಬಿದ್ದು ಮೂಳೆ ವಿಭಾಗದ ಓದಿಗೆ ಪುಣೆಗೆ ಬಂದೆ. ಎರಡನೆಯ ವರ್ಷದ ಹೊತ್ತಿಗೆ ನನಗೆ ಎಲ್ಲವೂ ಬರುತ್ತದೆ ಎಂಬ ಸೊಕ್ಕು ಬೇರೆ ಬಂದಿತ್ತು. ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುವ ಅಭ್ಯಾಸ ಮಾಡಿಕೊಂಡಿದ್ದೆ. ಹಾಗೆ ನೋಡಿದರೆ ಹೆಚ್ಚೇನೂ ಕಾಣುವುದಿಲ್ಲ, ನೋಡುವವರಿಗೆ ದೊಡ್ಡ ಡಾಕ್ಟರ್ ಎನಿಸುತ್ತದೆ ಅಷ್ಟೆ.

ಒಂದು ಮಧ್ಯಾಹ್ನ ತುರ್ತು ವಿಭಾಗದಲ್ಲಿ ಬೆಳಗಿನಿಂದ ಮರಾಠಿ, ಹಿಂದಿ ಆಡಿ ಆಡಿ ನಾಲಿಗೆ ದಣಿದಿತ್ತು. ಪಕ್ಕದ ಎಕ್ಸ್‌ರೇ ಕೋಣೆಯಿಂದ "ಅಯ್ಯಯ್ಯೋ ಯವ್ವಾ!" ಎಂಬ ಕೂಗು ಕೇಳಿತು. ಅಪ್ಪಟ ನಮ್ಮ ಕಡೆಯ ಕೂಗು. ಹೊರಬಂದವರು ಐವತ್ತು ದಾಟಿದ ಒಬ್ಬ ಗಟ್ಟಿ ಆಳು. ಭೋಸರಿಯ ಕಾರ್ಖಾನೆಯಲ್ಲಿ ಫಿಟ್ಟರ್. ನೆಲದ ಮೇಲೆ ಚೆಲ್ಲಿದ್ದ ಎಣ್ಣೆಗೆ ಕಾಲು ಜಾರಿ, ಬಲಗೈಯ ಅಂಗೈ ಊರಿ ಬಿದ್ದಿದ್ದರು.

"ಯಾವೂರ್ರಿ ಕಾಕಾ?" ಎಂದೆ.

ಅವರ ಮುಖ ಅರಳಿತು. "ಬಾಗಲಕೋಟಿ ಕಡೆದವ್ರೀ ಅಕ್ಕಾರ. ನೀವೂ ನಮ್ಮವರೇ ಏನ್ರಿ!"

ಅಲ್ಲಿಗೆ ಮುಗಿಯಿತು. ಪುಣೆಯಲ್ಲಿ ಒಳ್ಳೆಯ ಬಿಳಿಜೋಳ ಎಲ್ಲಿ ಸಿಗುತ್ತದೆ, ಕಾತ್ರಜದಿಂದ ಊರಿಗೆ ಯಾವ ಬಸ್ಸು ಬೇಗ ಮುಟ್ಟಿಸುತ್ತದೆ, ರೊಟ್ಟಿಯ ಜೊತೆ ಇಲ್ಲಿನವರು ಕೊಡುವ ಶೇಂಗಾ ಚಟ್ನಿ ಎಷ್ಟು ಸಪ್ಪೆ ಎಂಬುದೆಲ್ಲ ಚರ್ಚೆಯಾಯಿತು. ನಡುನಡುವೆ ಎಕ್ಸ್‌ರೇ ನೋಡಿದೆ. ಎಲ್ಲ ಮೂಳೆ ನೆಟ್ಟಗಿದ್ದವು. ಉಳುಕು ಎಂದು ಬರೆದೆ, ಬ್ಯಾಂಡೇಜು ಸುತ್ತಿದೆ, ನೋವಿನ ಮಾತ್ರೆ ಕೊಟ್ಟು ಕಳಿಸಿದೆ. ಊರಿನ ಮಾತು ಸಿಕ್ಕ ಖುಷಿಯಲ್ಲಿ ಒಂದು ಕೆಲಸ ಮರೆತಿದ್ದೆ. ಹೆಬ್ಬೆರಳನ್ನು ಚಾಚಿ ಮೇಲಕ್ಕೆತ್ತಿದರೆ ಅದರ ಬುಡದಲ್ಲಿ, ಬೆರಳನ್ನು ಎಳೆಯುವ ಎರಡು ಸ್ನಾಯುಹುರಿಗಳ ನಡುವೆ, ಒಂದು ಪುಟ್ಟ ಗುಳಿ ಬೀಳುತ್ತದೆ. ಹಿಂದಿನವರು ಅದರಲ್ಲಿ ಚಿಟಿಕೆ ನಶ್ಯ ಇಟ್ಟು ಏರಿಸುತ್ತಿದ್ದರಂತೆ, ಅದಕ್ಕೆ ವೈದ್ಯರು ಅದನ್ನು ನಶ್ಯದ ಡಬ್ಬಿ ಎಂದೇ ಕರೆಯುತ್ತಾರೆ. ಅಂಗೈ ಊರಿ ಬಿದ್ದವರ ಆ ಗುಳಿಯನ್ನು ಒತ್ತಿ ನೋಡಲೇಬೇಕು. ಎಣಿಸಿದರೆ ಮೂರು ಸೆಕೆಂಡಿನ ಕೆಲಸ.

ಎಂಟು ತಿಂಗಳ ಮೇಲೆ ಅವರು ಹೊರರೋಗಿ ವಿಭಾಗಕ್ಕೆ ಬಂದರು. ಬಲ ಮಣಿಕಟ್ಟು ಬಾತಿತ್ತು. ಅವರ ಕೆಲಸವೆಂದರೆ ಯಂತ್ರದ ಭಾಗಗಳು ಜಾರುವ ಕಬ್ಬಿಣದ ಹಾಸನ್ನು ಕೈಯಿಂದ ಹೆರೆದು ಮಟ್ಟ ಮಾಡುವುದು. ಒಂದಿಷ್ಟೂ ಉಬ್ಬುತಗ್ಗಿಲ್ಲದ ಮಟ್ಟಫಲಕಕ್ಕೆ ನೀಲಿ ಬಣ್ಣ ಸವರಿ, ಕಬ್ಬಿಣವನ್ನು ಅದಕ್ಕೆ ತಿಕ್ಕಿ, ನೀಲಿ ಹತ್ತಿದ ಉಬ್ಬನ್ನಷ್ಟೇ ಉದ್ದ ಹಿಡಿಕೆಯ ಉಳಿಯಿಂದ, ಮಣಿಕಟ್ಟು ಹಿಂದಕ್ಕೆ ಬಾಗಿಸಿ ಒತ್ತಿ, ಕೂದಲೆಳೆಗಿಂತ ತೆಳ್ಳಗೆ ತೆಗೆಯಬೇಕು. ಮತ್ತೆ ನೀಲಿ, ಮತ್ತೆ ಹೆರೆತ. ಆ ಕಾರ್ಖಾನೆಯಲ್ಲಿ ಅದು ಬರುವವರು ಅವರೊಬ್ಬರೇ. "ಉಳಿ ಒತ್ತಿದ್ರ ಕೈ ಸಾಥ್ ಕೊಡವಲ್ದ್ರಿ ಅಕ್ಕಾರ. ಇದೊಂದು ಕೆಲಸ ಬಿಟ್ರ ನನಗ ಬ್ಯಾರೆ ಏನೂ ಬರೂದಿಲ್ಲ" ಎಂದರು.

ಹೊಸ ಎಕ್ಸ್‌ರೇ ಬೆಳಕಿಗೆ ಹಿಡಿದು ಎರಡೂ ಕಣ್ಣು ಬಿಟ್ಟು ನೋಡಿದೆ. ಹೆಬ್ಬೆರಳ ಬುಡದ ಗುಳಿಯ ತಳದಲ್ಲಿರುವ ಸ್ಕೇಫಾಯ್ಡ್ ಎಂಬ ಪುಟ್ಟ ಮೂಳೆ ಎರಡು ತುಂಡಾಗಿತ್ತು. ಒಂದು ತುಂಡು ಸುತ್ತಲಿನ ಮೂಳೆಗಳಿಗಿಂತ ಬೆಳ್ಳಗೆ ಕಾಣುತ್ತಿತ್ತು. ರಕ್ತ ಹರಿಯುವ ಮೂಳೆ ಬಳಕೆ ಕಡಿಮೆಯಾದಂತೆ ಸುಣ್ಣ ಕಳೆದುಕೊಂಡು ಮಸುಕಾಗುತ್ತದೆ. ರಕ್ತವೇ ಇಲ್ಲದ ತುಂಡು ಇದ್ದ ಹಾಗೆಯೇ ಉಳಿದು ಬೆಳ್ಳಗೆ ಎದ್ದು ಕಾಣುತ್ತದೆ. ಕಡತದ ಮೊದಲ ಪುಟದಲ್ಲಿ 'ಉಳುಕು' ಎಂದು ನನ್ನದೇ ಅಕ್ಷರದಲ್ಲಿತ್ತು.

ಕೈ ಶಸ್ತ್ರಚಿಕಿತ್ಸೆಯ ನಮ್ಮ ಗುರುಗಳ ಮುಂದೆ ಕಡತ ಇಟ್ಟೆ. ಅವರು ಮರಾಠಿಯವರು, ಕುಳ್ಳಗಿನವರು, ಮಾತು ಕಡಿಮೆ. ಅವರ ಕೋಟಿನ ಜೇಬಿನಲ್ಲಿ ಸದಾ ಒಂದು ಬಟ್ಟೆ ಚೀಲ, ಅದರಲ್ಲಿ ಮಣಿಕಟ್ಟಿನ ಎಂಟು ಮೂಳೆಗಳು. ಹೊಸಬರು ಚೀಲದೊಳಗೆ ಕೈ ಹಾಕಿ, ನೋಡದೆ, ಬೆರಳಿನಿಂದಲೇ ಯಾವ ಮೂಳೆ ಎಂದು ಹೇಳಬೇಕು. ಎಂಟನ್ನೂ ಹೇಳುವವರೆಗೆ ಆಪರೇಷನ್ ಕೋಣೆಯೊಳಗೆ ಪ್ರವೇಶವಿಲ್ಲ. ನನಗೆ ಹನ್ನೊಂದು ದಿನ ಹಿಡಿದಿತ್ತು. ಬೈಯುತ್ತಾರೆ ಎಂದು ಕಾದೆ. ಅವರು ಬೈಯಲಿಲ್ಲ.

"ಇದನ್ನು ಅವರಿಗೆ ನೀನೇ ಹೇಳಬೇಕು. ಆಪರೇಷನ್ನಿಗೆ ಮೊದಲು, ಕೂತು, ಅವರ ಭಾಷೆಯಲ್ಲಿ" ಎಂದು ಮರಾಠಿಯಲ್ಲಿ ಹೇಳಿ, ಚೀಲವನ್ನು ನನ್ನ ಕೈಗಿಟ್ಟರು. ತಪ್ಪಿದವರೇ ರೋಗಿಗೆ ಹೇಳುವುದು ಅವರ ವಿಭಾಗದ ನಿಯಮ. ತಮ್ಮ ತಪ್ಪುಗಳನ್ನೂ ಅವರು ಹಾಗೆಯೇ ಹೇಳಿದ್ದನ್ನು ನಾನು ಕಂಡಿದ್ದೆ. ಅಂಥ ಧೈರ್ಯ ನನಗೆ ಆ ಹೊತ್ತಿಗೆ ಒಂದಿಷ್ಟೂ ಇರಲಿಲ್ಲ.

ಕಾಕಾನ ಎದುರು ಕೂತು ಮೇಜಿನ ಮೇಲೆ ಎಂಟು ಮೂಳೆ ಹರಡಿದೆ. ಮುಂಗೈ ಕಡೆಗೆ ನಾಲ್ಕರ ಸಾಲು, ಬೆರಳ ಕಡೆಗೆ ನಾಲ್ಕರ ಸಾಲು. ಹೆಬ್ಬೆರಳ ಬದಿಯಲ್ಲಿರುವ, ಗೋಡಂಬಿಯಂಥ ಈ ಸ್ಕೇಫಾಯ್ಡ್ ಮೊದಲ ಸಾಲಿನದು, ಆದರೆ ಓರೆಯಾಗಿ ಎರಡನೆಯ ಸಾಲಿನವರೆಗೂ ಚಾಚಿಕೊಂಡು ಎರಡನ್ನೂ ಹೊಂದಿಸಿ ನಡೆಸುತ್ತದೆ. ಕೈ ಊರಿ ಬಿದ್ದಾಗ ನಡುವೆ ಸಿಕ್ಕಿ ಮುರಿಯುವುದೂ ಇದೇ, ನಿಮ್ಮದೂ ಮುರಿದು ಕೂಡದೆ ಉಳಿದಿದೆ ಎಂದೆ. ಕಾಕಾ ಒಂದೊಂದನ್ನೂ ಎಡಗೈಯಲ್ಲಿ ಎತ್ತಿ, ಪಕ್ಕದ್ದಕ್ಕೆ ಜೋಡಿಸಿ, ತಿರುಗಿಸಿ ನೋಡಿದರು.

"ಎಂಥಾ ಫಿಟಿಂಗ್ ಅದರೀ ಇದು! ಯಾರ ಕೈಲೆ ಹೆರೆದಾರ?" ಎಂದು ತಮ್ಮ ನೋವನ್ನೇ ಮರೆತು ಬೆರಗಾದರು.

"ಹಂಗಾರ ಒಡದದ್ದು ಕೂಡಲಿಲ್ಲ ಯಾಕ್ರಿ? ನಮ್ಮ ಮನಿಯಾಕಿದು ಇದ ಮಣಿಕಟ್ಟ ಮುರಿದಿತ್ತು, ಒಂದೂವರಿ ತಿಂಗಳದಾಗ ಕೂಡಿತ್ತು" ಎಂದು ಕೇಳಿದರು.

ಅವರ ಹೆಂಡತಿಯದು ಮುಂಗೈಯ ದೊಡ್ಡ ಮೂಳೆಯ ತುದಿ. ಅದಕ್ಕೆ ರಕ್ತ ಧಾರಾಳ, ಸಾಮಾನ್ಯವಾಗಿ ಕೂಡುತ್ತದೆ. ಸ್ಕೇಫಾಯ್ಡಿನ ಕಥೆ ಬೇರೆ. ಅದರ ಮೈಯ ಬಹುಭಾಗ ಕೀಲಿನ ನುಣುಪು ಹೊದಿಕೆಯಿಂದ ಮುಚ್ಚಿದೆ, ರಕ್ತನಾಳ ಒಳಹೋಗಲು ಜಾಗ ಕಡಿಮೆ. ಮುಖ್ಯ ನಾಳಗಳು ಅದರ ಬೆನ್ನ ಮೇಲೆ, ಬೆರಳ ಕಡೆಯ ಅರ್ಧದಲ್ಲಿ ಒಳಹೊಕ್ಕು, ಅಲ್ಲಿಂದ ಹಿಂದಕ್ಕೆ ತಿರುಗಿ ಮುಂಗೈ ಕಡೆಯ ತುದಿಗೆ ಹೋಗುತ್ತವೆ. ನಡುವೆ ಮುರಿದರೆ ಆ ತುದಿಗೆ ಹೋಗುವ ದಾರಿಯೇ ಕಡಿಯುತ್ತದೆ. ಮೂಳೆಯ ಮೇಲೆ ಗಂಟು ಕಟ್ಟಿ ಬೆಸೆಯುವ ಪದರವೂ ಅಲ್ಲಿಲ್ಲ. ಕೈ ಆಡಿಸಿದಷ್ಟೂ ತುಂಡುಗಳು ಒಂದರ ಮೇಲೊಂದು ಜಾರುತ್ತವೆ. ಹೀಗೇ ಬಿಟ್ಟರೆ ವರ್ಷಗಳಲ್ಲಿ ಇಡೀ ಮಣಿಕಟ್ಟು ಸವೆಯುತ್ತದೆ ಎಂದು ವಿವರಿಸಿದೆ.

"ನಮ್ಮ ಚಾಳಿನ ಸಾಲಮನೀ ನಳದಂಗ ಆತಲ್ರಿ. ನೀರು ಮೊದಲು ಕಡೀ ಮನಿಗೆ ಹೋಗಿ, ವಾಪಸ್ ನಮ್ಮ ಬಾಗಲಕ್ಕ ಬರ್ತದ. ನಡುವ ಪೈಪ ಒಡದ್ರ ನಾವ ಒಣಗೂದು" ಎಂದರು. ನಾನು ಪರೀಕ್ಷೆಯಲ್ಲಿ ಎರಡು ಪುಟ ಬರೆದಿದ್ದನ್ನು ಆ ಮನುಷ್ಯ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ್ದರು.

ಆಗ ಹೇಳಿದೆ. "ಕಾಕಾ, ಮೊದಲನೇ ದಿನದ ಎಕ್ಸ್‌ರೇದಾಗ ಈ ಬಿರುಕು ಎಷ್ಟೋ ಸಲ ಕಾಣೂದಿಲ್ರಿ. ಅದಕ್ಕ ಹೆಬ್ಬೆರಳ ಬುಡದ ಗುಳಿ ಒತ್ತಿ ನೋಡಬೇಕು. ನೋವಿದ್ರ ಮುರದದ ಅಂತನ ತಿಳದು ಪ್ಲಾಸ್ಟರ್ ಹಾಕಿ, ಎರಡು ವಾರ ಬಿಟ್ಟು ಮತ್ತ ಎಕ್ಸ್‌ರೇ ತಗೀಬೇಕು. ನಾ ಒತ್ತಲಿಲ್ಲ. ನಿಮ್ಮ ಜೋಡಿ ಮಾತಾಡಕೋತ ಮರತೆ. ತಪ್ಪು ನಂದು."

ಅವರು ಎಡಗೈಯಲ್ಲಿದ್ದ ಮೂಳೆಯನ್ನು ಮೇಜಿಗಿಟ್ಟರು. ಆಮೇಲೆ ಬಲಗೈಯನ್ನು ಮೇಜಿನ ಮೇಲೆ ಚಾಚಿದರು. "ಎಲ್ಲಿ ಒತ್ತಬೇಕಾಗಿತ್ತು, ಈಗ ಒತ್ತರಿ" ಎಂದರು. ಒತ್ತಿದೆ. ಹಲ್ಲು ಕಚ್ಚಿ ತಡೆದುಕೊಂಡರು, ಕಣ್ಣಲ್ಲಿ ನೀರು ಬಂತು. "ಹಾಂ. ಇನ್ನ ಯಾರನ್ನೂ ಹಂಗ ಕಳಸಬ್ಯಾಡ್ರಿ. ಊರಿನವ್ರು ಇದ್ರೂ ಅಷ್ಟ, ಇರದಿದ್ರೂ ಅಷ್ಟ." ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಗುರುಗಳು ಅವರಿಗೆ ಒಂದೇ ಷರತ್ತು ಹಾಕಿದರು: ತಂಬಾಕು ಬಿಡಬೇಕು, ಅದು ಸಣ್ಣ ರಕ್ತನಾಳಗಳನ್ನು ಬಿಗಿಸುತ್ತದೆ. ಮೂವತ್ತು ವರ್ಷದಿಂದ ಅಂಗೈಯಲ್ಲಿ ಸುಣ್ಣ ಹಚ್ಚಿ ತಿಕ್ಕಿದ ಚಟ. ಕಾಕಾ ಜೇಬಿನ ಡಬ್ಬಿಯನ್ನು ತೆಗೆದು ಅಲ್ಲೇ ಕಸದ ಬುಟ್ಟಿಗೆ ಹಾಕಿದರು, ಮುಂದೆ ಮುಟ್ಟಲಿಲ್ಲ. ನಾನು ಚಹಾದ ಚಟವನ್ನು ಇವತ್ತಿಗೂ ಬಿಟ್ಟಿಲ್ಲ.

ಆಪರೇಷನ್ ದಿನ ನಾನು ಗುರುಗಳ ಎದುರು ನಿಂತು, ಗಾಯದ ಅಂಚನ್ನು ಸರಿಸುವ ಕೊಂಡಿ ಹಿಡಿದಿದ್ದೆ. ತೋಳಿಗೆ ಗಾಳಿ ತುಂಬುವ ಪಟ್ಟಿ ಬಿಗಿದು ರಕ್ತ ನಿಲ್ಲಿಸಿ, ಮುರಿದ ಸಂದಿಯ ಸತ್ತ ಪುಡಿಯನ್ನೆಲ್ಲ ಕೆರೆದು ತೆಗೆದರು. ಪಟ್ಟಿ ಸಡಿಲಿಸಲು ಹೇಳಿದರು. ಬಿಳಿಯ ತುಂಡಿನಲ್ಲಿ ಕೆಂಪು ಚುಕ್ಕೆ ಮೂಡುತ್ತದೆಯೇ ಎಂದು ಎಲ್ಲರೂ ಬಗ್ಗಿ ನೋಡಿದೆವು. ಒಂದೂ ಮೂಡಲಿಲ್ಲ. ನನಗೆ ಅಳು ಬಂತು, ಬಗ್ಗಿಸಿದ ತಲೆ ಎತ್ತಲಿಲ್ಲ.

ಗುರುಗಳು ಅವಸರ ಮಾಡಲಿಲ್ಲ. ಪಟ್ಟಿ ಮತ್ತೆ ಬಿಗಿಯಿತು. ಪಕ್ಕದ ಮುಂಗೈ ಮೂಳೆಯ ಬೆನ್ನಿನಿಂದ, ದಾರದಷ್ಟು ಸಣ್ಣ ರಕ್ತನಾಳ ಅಂಟಿಕೊಂಡೇ ಇರುವಂತೆ, ಬೆರಳುಗುರಿನಷ್ಟು ಮೂಳೆಯ ಚೂರನ್ನು ಕತ್ತರಿಸಿ ಎತ್ತಿದರು. ನಾಳ ತಿರುಚಿದರೆ ಎಲ್ಲ ವ್ಯರ್ಥ. ಅದನ್ನು ಮೆಲ್ಲಗೆ ಹೊರಳಿಸಿ, ಖಾಲಿ ಜಾಗಕ್ಕೆ ಕೂರಿಸಿ, ತಲೆಯಿಲ್ಲದ ಸಣ್ಣ ಸ್ಕ್ರೂ ಹಾಕಿದರು. ಈ ಸಲ ಪಟ್ಟಿ ಬಿಚ್ಚಿದಾಗ ಆ ಚೂರಿನ ಅಂಚಿನಲ್ಲಿ ಕೆಂಪು ಜಿನುಗಿತು. ಅರವತ್ತು ದಾಟಿದ ಆ ಕೈಗಳು ಮೂರು ಗಂಟೆಯಲ್ಲಿ ಒಮ್ಮೆಯೂ ನಡುಗಲಿಲ್ಲ. ಆ ಕೈಗಳಿಗೆ ನಮಸ್ಕಾರ ಮಾಡಬೇಕೆನಿಸಿತು, ಮಾಡಿದೆ ಕೂಡ, ಅವರು ತಿರುಗಿ ಹೋದ ಮೇಲೆ.

ಮೂರು ತಿಂಗಳು ಕೈಗೆ ಪ್ಲಾಸ್ಟರ್. ಸಿ.ಟಿ. ಸ್ಕ್ಯಾನ್‌ನಲ್ಲಿ ಒಂದು ತುಂಡಿನಿಂದ ಇನ್ನೊಂದಕ್ಕೆ ಮೂಳೆಯ ಗೆರೆಗಳು ದಾಟಿದ್ದವು. ಕೂಡಿತ್ತು! ಓಡಿ ಹೋಗಿ ಕಾಕಾನಿಗೆ ಹೇಳಿದೆ. ಆಮೇಲೆ ಎರಡು ತಿಂಗಳು ವ್ಯಾಯಾಮ. ಹಿಡಿತ ಬಂತು, ನೋವು ಹೋಯಿತು, ಆದರೆ ಮಣಿಕಟ್ಟು ಹಿಂದಕ್ಕೆ ಅರ್ಧದಷ್ಟೇ ಬಾಗುತ್ತಿತ್ತು. ಇನ್ನು ಅದು ಹೆಚ್ಚಾಗುವುದಿಲ್ಲ ಎಂದು ಹೇಳಬೇಕಾದವಳೂ ನಾನೇ.

"ಕಾಕಾ, ಇದಕಿಂತ ಬಾಗೂದಿಲ್ರಿ. ಮೊದಲಿನಂಗ ಉಳಿ ಒತ್ತಾಕ ಆಗೂದಿಲ್ಲ ಅನಸ್ತದ. ನನ್ನಿಂದ..." 

ನನ್ನ ಮಾತು ಮುಗಿಯುವ ಮೊದಲೇ ಅವರು ಎದ್ದರು. ಪರೀಕ್ಷೆಯ ಮಂಚದ ಅಂಚಿಗೆ ಬಲಗೈ ಇಟ್ಟು, ಇಲ್ಲದ ಉಳಿಯ ಹಿಡಿಕೆಯನ್ನು ಸೊಂಟಕ್ಕೆ ಆನಿಸಿಕೊಂಡು, ಕಾಲು ಹಿಂದೆ ಸರಿಸಿದರು. ಮೊಣಕಾಲು ಮಡಿಸಿ ಬೆನ್ನು ತಗ್ಗಿಸಿದರು. ಮಣಿಕಟ್ಟು ನೆಟ್ಟಗೇ ಇತ್ತು, ಇಡೀ ಮೈ ಮುಂದಕ್ಕೆ ಹೋಯಿತು. ಒಂದು ಸಲ, ಎರಡು ಸಲ, ಅಳತೆ ತಪ್ಪದೆ. ಮನೆಯಲ್ಲಿ ಎಷ್ಟು ದಿನದಿಂದ ಹೀಗೆ ಅಭ್ಯಾಸ ಮಾಡುತ್ತಿದ್ದರೋ.

"ಕೈ ಬಾಗದಿದ್ರ ಏನಾತ್ರಿ ಅಕ್ಕಾರ," ಎಂದರು ಬೆನ್ನು ಎತ್ತದೆಯೇ, "ನಾ ಬಾಗತೀನಿ."

ನಾನು ಡಾಕ್ಟರ ಕುರ್ಚಿಯಿಂದ ಎದ್ದು ನಿಂತೆ. ಅವರ ಎದುರು ಕೂತಿರಲು ನನ್ನಿಂದಾಗಲಿಲ್ಲ.