ಮೂರು ಕಂತು, ಒಂದು ಹಸಿರು ಸೀರೆ

ಸಾಲ ಕೇಳುವುದಕ್ಕಿಂತ ವಾಯಿದೆ ಕೇಳುವುದು ಕಷ್ಟ. ಸಾಲ ಕೇಳುವವನಿಗೆ ಇನ್ನೂ ಸ್ವಲ್ಪ ಮುಖವಿರುತ್ತದೆ. ಹೊಳಲ್ಕೆರೆಯಲ್ಲಿ ನನ್ನ ಜವಳಿ ಅಂಗಡಿ ಅಂಥ ಸ್ಥಿತಿಗೆ ಬಂದಾಗ ನನಗೆ ಮೂವತ್ತೂ ತುಂಬಿರಲಿಲ್ಲ, ಸೊಕ್ಕು ಮಾತ್ರ ಅರವತ್ತರದಷ್ಟಿತ್ತು. ಮದುವೆ ಕಾಲಕ್ಕೆಂದು ದಾವಣಗೆರೆಯ ಸಗಟು ಸಾಹುಕಾರರಿಂದ ಅರವತ್ತು ದಿನದ ವಾಯಿದೆಗೆ ಬಣ್ಣದ ಸೀರೆಗಳನ್ನು ತಂದಿದ್ದೆ. ಅಷ್ಟರಲ್ಲಿ ಪ್ಲೇಗಿನ ಸುದ್ದಿ ಬಂತು. ಮದುವೆಗಳೆಲ್ಲ ಮುಂದಕ್ಕೆ ಹೋದವು, ಸೀರೆ ಗಂಟಿನಲ್ಲೇ ಉಳಿಯಿತು. ಮುನ್ನೂರರವತ್ತು ರೂಪಾಯಿ ಬಾಕಿ, ಕೈಯಲ್ಲಿದ್ದದ್ದು ತೊಂಬತ್ತು. ಕಟ್ಟದಿದ್ದರೆ ಅಂಗಡಿಗೆ ಬೀಗ ಬೀಳುತ್ತಿತ್ತು.

ರೈಲು ಹತ್ತಿ ಹೋದೆ. ದಾವಣಗೆರೆ ನಿಲ್ದಾಣದಲ್ಲಿ ಒಬ್ಬ ಡಾಕ್ಟರು ಇಳಿದವರನ್ನೆಲ್ಲ ಸಾಲಾಗಿ ನಿಲ್ಲಿಸಿ, ಪ್ಲೇಗಿನ ಗಡ್ಡೆ ಇದೆಯೇ ಎಂದು ಕಂಕುಳು ಮುಟ್ಟಿ ನೋಡುತ್ತಿದ್ದರು. ಪೇಟೆಯಲ್ಲಿ ಅರ್ಧಕ್ಕರ್ಧ ಅಂಗಡಿಗಳ ಬಾಗಿಲು ಮುಚ್ಚಿದ್ದವು.

ಸಾಹುಕಾರರು ಗಾದಿಯ ಮೇಲೆ ಒಬ್ಬರೇ ಕೂತಿದ್ದರು. “ಬರ್ರಿ, ಕುಂತ್ಕಳ್ರಿ. ಎಷ್ಟು ತಂದೀರಿ?”

“ಪೂರ್ತಿ ತಂದಿಲ್ಲ ಸಾವ್ಕಾರ್ರೆ. ಯಾಪಾರ ಸತ್ತೋಗೈತೆ. ಕೈಯಾಗೆ ತೊಂಬತ್ತೈತೆ, ಈಗ ಅರವತ್ತು ತಗಳ್ರಿ. ಉಳಿದ ಮುನ್ನೂರು ತಿಂಗಳಿಗೆ ನೂರರಂಗೆ ಮೂರು ಕಂತು, ಹುಣ್ಣಿಮೆ ಹುಣ್ಣಿಮೆಗೆ ಕಟ್ತೀನಿ.”

ಬೈಯುತ್ತಾರೆಂದು ಕಾದೆ. ಅವರು ಬೈಯಲಿಲ್ಲ, ಅದಕ್ಕೇ ನನಗೆ ದಿಗಿಲಾಯಿತು. “ಆಗ್ಲಿ. ಬಾಕಿಗೆ ತಿಂಗಳಿಗೆ ನೂರಕ್ಕೊಂದು ರೂಪಾಯಿ ಬಡ್ಡಿ. ಸೀರೆ ಗಂಟು ಮಡಿಕೆ ಬಿಚ್ಚದಂಗೆ ಇಟ್ಕಳ್ರಿ. ಗಿರಾಕಿ ಬಂದ್ರೆ ಮಾರ್ರಿ, ದುಡ್ಡು ನನಗೆ ಕಳಿಸ್ರಿ. ಸುಮ್ನೆ ಉಟ್ಟು ತೊಟ್ಟು ಮಾಡಂಗಿಲ್ಲ. ಒಂದು ಕಂತು ತಪ್ಪಿದ್ರೂ ಗಂಟು ವಾಪಸ್ ತರಿಸ್ಕಂತೀನಿ, ಇದ್ದಂಗೇ ಇರಬೇಕು.”

ತಲೆಯಾಡಿಸಿದೆ. ಆಮೇಲೆ ಅವರು ಒಳಗಿನಿಂದ ಇನ್ನೊಂದು ಗಂಟು ತರಿಸಿ ನನ್ನ ಮುಂದೆ ಇಟ್ಟರು. ಬಿಳಿ ಕೋರಾ ಬಟ್ಟೆ.

“ಉಳಿದ ಮೂವತ್ತಕ್ಕೆ ಇದನ್ನ ನಗದಾಗಿ ಒಯ್ಯಿರಿ. ಕಂತಿನ ದುಡ್ಡು ಇದರಾಗೇ ಹುಟ್ತೈತೆ.”

“ಬಿಳೀದು ಯಾರು ತಗಂತಾರೆ?”

“ನಮ್ಮೂರಾಗೆ ಈಗ ಇದನ್ನೇ ತಗಳ್ಳೋದು,” ಅಂದರು. “ನೀವು ಬಂದ ರೈಲು ವಾಪಸ್ಸೂ ಹೋಗ್ತೈತಲ್ಲಪ್ಪ, ಈ ಜಡ್ಡೂ ಅದರಾಗೇ ಹತ್ತಿ ಬರ್ತೈತೆ.”

ಬೇಡ ಅನ್ನಬೇಕಿತ್ತು. ಮೂವತ್ತು ಎಣಿಸಿಟ್ಟು ಗಂಟು ಎತ್ತಿಕೊಂಡೆ. ಬರುವಾಗ ಹೆಣಕ್ಕೆ ಹೊದಿಸುವ ಬಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ.

ಮನೆಗೆ ಬಂದರೆ ಹೆಂಡತಿ ಸೀರೆಗಂಟಿನ ಮೂಲೆ ಸರಿಸಿ, ಕೆಂಪಂಚಿನ ಒಂದು ಹಸಿರು ಸೀರೆಯ ಮೇಲೆ ಕೈಯಾಡಿಸುತ್ತಿದ್ದಳು. “ಏನ್ರೀ, ಹೆಂಗೂ ಮಾರಾಟ ಆಗ್ವಲ್ದು. ಇದೊಂದು ನನಗೆ ಇರ್ಲಿ.”

ಕೆಂಡವಾದೆ. “ಮುಟ್ಟಬ್ಯಾಡ. ಮಡಿಕೆ ಬಿಚ್ಚಿದ್ರೆ ಅಂಗಡಿ ಹೋಗ್ತೈತೆ. ಕಡೇ ಕಂತು ಕಟ್ಟಿದ ದಿನ ನೀನೇ ಉಟ್ಕ.”

“ಆತು, ಅಲ್ಲೀತನ ಕಾಯ್ತೀನಿ ಬಿಡ್ರಿ,” ಅಂದಳು ನಗುತ್ತ. ಗಂಟನ್ನು ಅವಳೇ ಬಿಗಿದು ಕಟ್ಟಿದಳು.

ಹತ್ತು ದಿನಕ್ಕೆ ಪಕ್ಕದ ಬೀದಿಯಲ್ಲಿ ಇಲಿ ಸತ್ತು ಬಿತ್ತು, ಪ್ಲೇಗು ಬಂತೆಂದೇ ಅರ್ಥ. ಊರು ಖಾಲಿಯಾಗಿ ಹೊರಗಿನ ಬಯಲಿನ ಗುಡಿಸಲುಗಳಿಗೆ ಹೋಯಿತು. ನಾನೂ ಎರಡೂ ಗಂಟು ಹೊತ್ತು ಹೋದೆ. ಸಾಹುಕಾರರು ಹೇಳಿದ್ದು ಸುಳ್ಳಾಗಲಿಲ್ಲ. ಬಿಳಿ ಬಟ್ಟೆ ಮುಗಿದು ಮತ್ತೆ ತರಿಸಿದೆ, ಅದೂ ಮುಗಿಯಿತು. ಮೊದಲನೆಯ ಕಂತು ಹೇಳಿದ ದಿನ ಕಟ್ಟಿದೆ. ಎರಡನೆಯದನ್ನು ಎಂಟು ದಿನ ಮೊದಲೇ ಕಟ್ಟಿದೆ. ಯಾರಿಗೋ ಜ್ವರ ಅಂತ ಕೇಳಿದರೆ ಸಾಕು, ಅಯ್ಯೋ ಅನ್ನುವ ಮೊದಲೇ ನನ್ನ ತಲೆ ಎಷ್ಟು ಗಜ ಅಂತ ಅಳೆಯುತ್ತಿತ್ತು. ಇದನ್ನು ಹೇಳಲು ಈಗಲೂ ನಾಚಿಕೆಯಾಗುತ್ತದೆ. ಆಗ ಆಗಲಿಲ್ಲ, ಕಂತು ಕಟ್ಟುತ್ತಿದ್ದೇನೆಂಬ ಹೆಮ್ಮೆಯಿತ್ತು.

ಮೂರನೆಯ ಕಂತಿಗೆ ಇನ್ನೂ ಎರಡು ವಾರವಿತ್ತು. ದುಡ್ಡು ಕೂಡಿತ್ತು. ನಾಳೆಯೇ ಹೋಗಿ ಕಟ್ಟೋಣವೆಂದು ಚೀಲ ಕಟ್ಟಿಟ್ಟಿದ್ದೆ. ಮರುದಿನ ಬೆಳಿಗ್ಗೆ ಹೆಂಡತಿ ಒಲೆ ಮುಂದಿನಿಂದ ಏಳಲಿಲ್ಲ. ಮೈ ಕಾದಿತ್ತು, ತೊಡೆಸಂದಿಯಲ್ಲಿ ಗಡ್ಡೆ. ಮೂರನೆಯ ದಿನ ಮಧ್ಯಾಹ್ನ ಹೋದಳು, ಕಂತಿಗೆ ಹನ್ನೊಂದು ದಿನ ಇರುವಾಗ.

ಅಭ್ಯಾಸಬಲ, ನನ್ನ ಕೈ ಬಿಳಿ ಬಟ್ಟೆಯ ಕಡೆಗೇ ಹೋಯಿತು. ಪಕ್ಕದ ಗುಡಿಸಲಿನ ಅಜ್ಜಿ ಕೈ ಹಿಡಿದಳು. “ಮುತ್ತೈದೆ ಕಣಪ್ಪ ಆಕಿ. ಬಿಳೀದು ಹಾಕಬಾರ್ದು. ಹಸಿರು ಸೀರೆ ತಗಂಬಾ.”

ನನ್ನವಳು ಬಿಗಿದಿದ್ದ ಸೀರೆಗಂಟು ಸಲೀಸಾಗಿ ಬಿಚ್ಚಲಿಲ್ಲ. ಕುಡುಗೋಲಿನಿಂದ ಕುಯ್ದೆ.

ಹುಣ್ಣಿಮೆಯ ದಿನ ದಾವಣಗೆರೆಗೆ ಹೋಗಿ ನೂರು ರೂಪಾಯಿಯನ್ನೂ ಬಡ್ಡಿಯನ್ನೂ ಎಣಿಸಿದೆ. ಸಾಹುಕಾರರು ನನ್ನ ಲೆಕ್ಕದ ಕೆಳಗೆ ಗೆರೆ ಎಳೆದರು. “ಮಾತಿಗೆ ನಿಂತ್ರಿ. ಇನ್ನು ಸೀರೆ ಎಲ್ಲ ನಿಮ್ಮವೇ, ಮಡಿಕೆ ಬಿಚ್ರಿ.”

“ಒಂದು ಬಿಚ್ಚಿದೀನಿ,” ಅಂದೆ.

“ಇಂಥಾ ಕಾಲದಾಗ? ಯಾರು ಉಟ್ಟರು?”

“ನಮ್ಮನೇಕಿ,” ಅಂದೆ. “ಹನ್ನೊಂದು ದಿನ ಕಾಯಬೇಕಿತ್ತು, ಕಾಯಲಿಲ್ಲ.”