ಹಸಿರು ಟಿಕ್ ಓದಿದ ಕರಪತ್ರ

ಮಾದಾಪುರದ ಆಫೀಸಿನಲ್ಲಿ ಪಿಡಿಎಫ್‌ಗಳಿಗೆ ಟ್ಯಾಗ್ ಹಾಕುವುದು ನನ್ನ ಕೆಲಸವಾಗಿತ್ತು. ಯಾವುದು ಶೀರ್ಷಿಕೆ, ಯಾವುದರ ನಂತರ ಯಾವುದನ್ನು ಓದಬೇಕು ಎಂದು ಟ್ಯಾಗ್‌ಗಳು ಹೇಳಿದಂತೆಯೇ ಸ್ಕ್ರೀನ್ ರೀಡರ್ ಕಣ್ಣು ಕಾಣದವರಿಗೆ ಓದಿ ಹೇಳುತ್ತದೆ. ಅದನ್ನು ಕೇಳಿ ಪರೀಕ್ಷಿಸುತ್ತಿದ್ದವರು ಕಲಬುರಗಿಯ ನನ್ನ ಸಹೋದ್ಯೋಗಿ. ಅವರಿಗೆ ಹುಟ್ಟಿನಿಂದಲೇ ಕಣ್ಣು ಕಾಣದು.

ಒಮ್ಮೆ ಮಾತ್ರೆಯೊಂದರ ಕರಪತ್ರ ಬಂತು. ಎಡ ಕಾಲಂನಲ್ಲಿ ‘ಮಾಡಿ’, ಬಲ ಕಾಲಂನಲ್ಲಿ ‘ಮಾಡಬೇಡಿ’. ನಾನು ರಜೆಯಲ್ಲಿದ್ದಾಗ ಮ್ಯಾನೇಜರ್ ಆಟೋ-ಟ್ಯಾಗ್ ಒತ್ತಿ ಕೈತೊಳೆದುಕೊಂಡಿದ್ದ. ಅದು ಎರಡೂ ಕಾಲಂಗಳನ್ನು ಒಂದೇ ಎಂದುಕೊಂಡು, ಅಲ್ಲಿಯದೊಂದು ಸಾಲು ಇಲ್ಲಿಯದೊಂದು ಸಾಲು ಬೆರೆಸಿಬಿಟ್ಟಿತ್ತು. ಮರುದಿನ ಸಹೋದ್ಯೋಗಿ ಹೆಡ್‌ಫೋನ್ ಕಿತ್ತು, ಎಲ್ಲರಿಗೂ ಕೇಳುವಂತೆ ಹಾಕಿದರು: “ಮಾಡಿ. ಮಾಡಬೇಡಿ. ಊಟದ ನಂತರ ನುಂಗುವುದು. ಬರಿಹೊಟ್ಟೆಯಲ್ಲಿ ನುಂಗುವುದು.” ಮದ್ಯದ ಬಾಟಲಿಯ ಮೇಲೆ ಕೆಂಪು ಅಡ್ಡಗೆರೆ ಎಳೆದ ಚಿತ್ರಕ್ಕೆ ಕೊಟ್ಟ ಆಲ್ಟ್ ಟೆಕ್ಸ್ಟ್, ಅಂದರೆ ಚಿತ್ರದಲ್ಲಿ ಏನಿದೆ ಎಂದು ಓದಿ ಹೇಳಬೇಕಾದ ವಿವರಣೆ, ಏನು ಗೊತ್ತೇ? ‘ಚಿತ್ರ’!

“ಇದೇನು?” ಎಂದು ಮ್ಯಾನೇಜರನ್ನು ಕೇಳಿದೆ.

“ಚೆಕರ್ ಎಲ್ಲಕ್ಕೂ ಹಸಿರು ಟಿಕ್ ಕೊಟ್ಟಿದೆಯಲ್ಲ” ಎಂದ ಮ್ಯಾನೇಜರ್. ಆಲ್ಟ್ ಟೆಕ್ಸ್ಟಿನ ಜಾಗ ಖಾಲಿಯಿಲ್ಲದಿದ್ದರೆ ಸಾಕು, ಅದರಲ್ಲಿ ಏನಿದೆ ಎಂದು ಕೇಳದ ತಪಾಸಣೆಯ ಸಾಫ್ಟ್‌ವೇರ್ ಅದು. ಓದಿನ ಕ್ರಮವಂತೂ ಅದಕ್ಕೆ ತಿಳಿಯುವುದೇ ಇಲ್ಲ. ಅದನ್ನು ಮನುಷ್ಯರೇ ಪರೀಕ್ಷಿಸಬೇಕು. “ಕ್ಲೈಂಟ್ ಕೂಡ ನೋಡಿ ಓಕೆ ಅಂದಿದ್ದಾರೆ” ಎಂದು ಬೇರೆ ಸೇರಿಸಿದ.

“ನೋಡ್ಯಾರ, ಭಾಳ ಛಲೋ ಆತ್ರಿ” ಎಂದರು ಸಹೋದ್ಯೋಗಿ. “ಕೇಳ್ಯಾರೇನ್ರಿ?”

ಮ್ಯಾನೇಜರ್ ಅವರೆದುರಿಗೇ ನನ್ನ ಕಡೆ ತಿರುಗಿ, “ಇನ್ಮೇಲೆ ಅರ್ಜೆಂಟ್ ಫೈಲುಗಳನ್ನ ಇವರಿಗೆ ಕಳಿಸಬೇಡಿ” ಎಂದ. ಕಣ್ಣಿಲ್ಲದವರಿಗೆ ಕಿವಿಯೂ ಇಲ್ಲ ಎಂದುಕೊಂಡಿದ್ದನೋ ಏನೋ.